ಕಲಿಕೋಪಕರಣಕ್ಕೆ ಹಣ ಕೇಳುವ ಪತ್ರ: ಮಕ್ಕಳ ತಪ್ಪಿನಿಂದ ಶುರು ಮಾಡಿ

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 4ನೇ ತರಗತಿಗೆ ಗಣಿತ ಹೇಳಿಕೊಡುತ್ತೇನೆ. ತರಗತಿಯಲ್ಲಿ 32 ಮಕ್ಕಳು, ಶಾಲೆಯಲ್ಲಿ ಒಟ್ಟು 118. ದಶಕ ಸಹಿತ ಕಳೆಯುವ ಲೆಕ್ಕ ಎಷ್ಟು ಹೇಳಿಕೊಟ್ಟರೂ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರುತ್ತಿಲ್ಲ. ‘ಗಣಿತ ಕಲಿಕೋಪಕರಣಗಳಿಗಾಗಿ ₹12,000 ಮಂಜೂರು ಮಾಡಬೇಕು, ಇದರಿಂದ ಮಕ್ಕಳ ಆಸಕ್ತಿ ಹೆಚ್ಚುತ್ತದೆ’ ಎಂದು ಮುಖ್ಯ ಶಿಕ್ಷಕರಿಗೆ ಬರೆದುಕೊಟ್ಟೆ. ‘ನೋಡೋಣ ಮೇಡಂ’ ಎಂದು ಪತ್ರವನ್ನು ಫೈಲಿಗೆ ಹಾಕಿದರು. ಎರಡು ತಿಂಗಳಾಯಿತು. ಪತ್ರ ಹೇಗೆ ಬರೆಯಬೇಕಿತ್ತು? ಮಕ್ಕಳು 52 − 27 ಮಾಡಿರುವ ಹಾಳೆಗಳ ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಫೋಟೊಗಳನ್ನು ಎರಡು ಸಲ ನೋಡಿದೆ. ಮುಖ್ಯ ಶಿಕ್ಷಕಿಯಾಗಿ ಹದಿನಾಲ್ಕು ವರ್ಷ ಇಂಥ ಅರ್ಜಿಗಳನ್ನು ಮೇಜಿನ ಆಚೆ ಬದಿಯಿಂದ ಓದಿದವಳು ನಾನು. ನಿಮ್ಮ ಅರ್ಜಿಯ ಜೀವ ಆ ಹಾಳೆಗಳಲ್ಲಿದೆ, ಆದರೆ ಪತ್ರದಲ್ಲಿ ಅದರ ಸುಳಿವೇ ಇಲ್ಲ.

ಮೊದಲು ನಿಮ್ಮ ಮುಖ್ಯ ಶಿಕ್ಷಕರ ಕೈಯಲ್ಲಿ ಎಷ್ಟು ಹಣವಿದೆ ನೋಡೋಣ. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯನ್ನು ನೋಡಿ ಬರುತ್ತದೆ. 100 ದಾಟಿ 250ರ ಒಳಗಿರುವ ಶಾಲೆಗೆ ವರ್ಷಕ್ಕೆ ₹50,000. ಅದರಲ್ಲಿ ಕನಿಷ್ಠ ಶೇ 10, ಅಂದರೆ ₹5,000, ಸ್ವಚ್ಛತೆಗೇ ಖರ್ಚಾಗಬೇಕು. ಉಳಿದದ್ದರಲ್ಲಿ ಕರೆಂಟ್ ಬಿಲ್ಲು, ಸೀಮೆಸುಣ್ಣ, ವಹಿಗಳು, ಸೋರುವ ಹೆಂಚು, ಮುರಿದ ಬೆಂಚು, ಕೆಟ್ಟ ಪಂಪು ಎಲ್ಲವೂ ಸಾಗಬೇಕು. ಹಣ ಒಂದೇ ಸಲ ಬರುತ್ತದೆಂಬ ಭರವಸೆಯೂ ಇರುವುದಿಲ್ಲ. ಏಳು ತರಗತಿಗಳಿರುವ ಶಾಲೆಯಲ್ಲಿ ಒಂದು ತರಗತಿಯ ಒಂದು ವಿಷಯಕ್ಕೆ ನೀವು ಕೇಳಿದ್ದು ಇಡೀ ಅನುದಾನದ ಶೇ 24. ಅವರು ‘ಇಲ್ಲ’ ಎನ್ನದೆ ‘ನೋಡೋಣ’ ಎಂದಿದ್ದಾರೆ. ನಾನಾಗಿದ್ದರೂ ಅಷ್ಟೇ ಹೇಳುತ್ತಿದ್ದೆ. ಯಾವ ತಪ್ಪು ಸರಿಹೋಗಲು ಯಾವ ವಸ್ತು ಬೇಕು ಎಂಬುದು ಪತ್ರದಲ್ಲಿ ಇಲ್ಲದಿರುವಾಗ, ಎಸ್‌ಡಿಎಂಸಿ ಸಭೆಯಲ್ಲಿ ಅಧ್ಯಕ್ಷರು ‘ಯಾಕೆ ಇಷ್ಟು’ ಎಂದು ಕೇಳಿದರೆ ಹೇಳಲು ಅವರ ಬಳಿ ಉತ್ತರವಿರುವುದಿಲ್ಲ.

ಆ ಉತ್ತರವನ್ನು ನೀವು ಬರೆದುಕೊಡಬೇಕು. ಅದಕ್ಕೆ ಮಕ್ಕಳು ನಿಜವಾಗಿ ಏನು ತಪ್ಪು ಮಾಡುತ್ತಿದ್ದಾರೆ ಎಂದು ಗೊತ್ತಾಗಬೇಕು. ನೀವು ಕೊಟ್ಟ ಲೆಕ್ಕದಲ್ಲೇ ಇಲ್ಲೊಂದು ತೊಡಕಿದೆ. ನಿಮ್ಮ ಫೋಟೊಗಳಲ್ಲಿ ಹೆಚ್ಚಿನ ಮಕ್ಕಳು 52 − 27 = 35 ಎಂದು ಬರೆದಿದ್ದಾರೆ. ಈ 35 ಎರಡು ದಾರಿಯಿಂದ ಬರಬಹುದು. ಒಂದು, ಮಗು ಮೇಲೆ ಕೆಳಗೆ ನೋಡದೆ ದೊಡ್ಡದರಿಂದ ಚಿಕ್ಕದನ್ನು ಕಳೆದಿರುತ್ತದೆ: 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಇನ್ನೊಂದು, ಮಗು ಪಕ್ಕದಿಂದ ಹತ್ತು ತಂದು 12ರಲ್ಲಿ 7 ಕಳೆದು 5 ಬರೆದಿರುತ್ತದೆ, ಆದರೆ ಹತ್ತರ ಸ್ಥಾನದ 5ನ್ನು 4 ಮಾಡುವುದನ್ನು ಮರೆತು ಮತ್ತೆ 3 ಬರೆದಿರುತ್ತದೆ. ಉತ್ತರ ಒಂದೇ ಆದರೂ ಕಾಯಿಲೆ ಬೇರೆ ಬೇರೆ. ಮೊದಲನೆಯ ಮಗುವಿಗೆ ಸ್ಥಾನಬೆಲೆಯೇ ಕೂತಿಲ್ಲ. ಎರಡನೆಯದಕ್ಕೆ ಸ್ಥಾನಬೆಲೆ ಸ್ವಲ್ಪ ಗೊತ್ತು, ಹತ್ತು ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲ.

ಆದ್ದರಿಂದ 52ರ ಬದಲು 53 − 27 ಕೊಡಿ. ಸರಿ ಉತ್ತರ 26. ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಮಗು 34 ಬರೆಯುತ್ತದೆ. ಹತ್ತು ತಂದು ಕಡಿಮೆ ಮಾಡಲು ಮರೆತ ಮಗು 36 ಬರೆಯುತ್ತದೆ. ಈಗ ಉತ್ತರ ನೋಡಿದ ಕೂಡಲೇ ಮಗು ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಜೊತೆಗೆ 304 − 127 ಕೂಡ ಕೊಡಿ. ಸರಿ ಉತ್ತರ 177. ನಡುವೆ ಸೊನ್ನೆ ಬಂದಾಗ ಜಾಣ ಮಕ್ಕಳೂ ನೂರರ ಸ್ಥಾನದಿಂದ ಎರಡು ಸಲ ತಂದು 87 ಎಂದು ಬರೆಯುತ್ತಾರೆ. 223 ಬಂದರೆ ಅದು ಮತ್ತೆ ದೊಡ್ಡದರಿಂದ ಚಿಕ್ಕದನ್ನು ಕಳೆದ ಮಗು. ಇವೆರಡರ ಜೊತೆ ದಶಕವಿಲ್ಲದ ಸರಳ ಲೆಕ್ಕ ಒಂದು, ಇನ್ನೆರಡು ದಶಕ ಸಹಿತ ಲೆಕ್ಕ, ಒಟ್ಟು ಐದು ಸಾಕು. ಇಪ್ಪತ್ತು ನಿಮಿಷ ಕೊಡಿ, ಪಕ್ಕದವರನ್ನು ನೋಡಿ ಬರೆಯದಂತೆ ಕೂರಿಸಿ. ಆಮೇಲೆ ಒಂದು ಹಾಳೆಯಲ್ಲಿ ಎಣಿಸಿ: ಇಷ್ಟು ಮಕ್ಕಳು 26, ಇಷ್ಟು 34, ಇಷ್ಟು 36, ಇಷ್ಟು ಖಾಲಿ. ಪತ್ರದ ಮೊದಲ ಪ್ಯಾರಾ ಇದೇ.

ಈ ತಪ್ಪು ಮಾತಿನಿಂದಲೂ ಬರುತ್ತದೆ. ‘ಪಕ್ಕದ ಮನೆಯಿಂದ ಒಂದು ಸಾಲ ತಾ’ ಎಂದು ನಾವೇ ಹೇಳಿಕೊಡುತ್ತೇವೆ. ಸಾಲ ತಂದ ಮಗುವಿಗೆ ಪಕ್ಕದ ಮನೆಯಲ್ಲಿ ಏನು ಕಡಿಮೆಯಾಯಿತು ಎಂಬುದು ಕಾಣುವುದೇ ಇಲ್ಲ, ತಂದದ್ದು ಒಂದೋ ಹತ್ತೋ ಎಂಬುದೂ ಕಾಣುವುದಿಲ್ಲ. ಕಡ್ಡಿಯ ಕಟ್ಟು ಕೈಯಲ್ಲಿದ್ದರೆ ಮಾತು ಬದಲಾಗುತ್ತದೆ: ‘ಬಿಡಿ ಸಾಲುವುದಿಲ್ಲ, ಒಂದು ಕಟ್ಟು ಬಿಚ್ಚು.’ ಐದು ಕಟ್ಟು ಮೂರು ಬಿಡಿ ಇದ್ದದ್ದು ನಾಲ್ಕು ಕಟ್ಟು ಹದಿಮೂರು ಬಿಡಿ ಆಗುತ್ತದೆ. ಕಟ್ಟು ಬಿಚ್ಚಿದ ಕೈಗೆ 5 ಯಾಕೆ 4 ಆಯಿತೆಂದು ಬೇರೆ ಹೇಳಬೇಕಾಗಿಲ್ಲ. 304ರಲ್ಲಿ ನೂರರ ಕಟ್ಟನ್ನು ಬಿಚ್ಚಿದರೆ ಹತ್ತು ಚಿಕ್ಕ ಕಟ್ಟು ಸಿಗುತ್ತವೆ, ಅವುಗಳಲ್ಲಿ ಒಂದನ್ನು ಬಿಚ್ಚಿದರೆ ಒಂಬತ್ತು ಉಳಿಯುತ್ತವೆ. ನೋಟ್‌ಬುಕ್ಕಿನಲ್ಲಿ ಸೊನ್ನೆಯ ಮೇಲೆ 9 ಬರೆಯುವುದು ಯಾಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ವಿವರಣೆ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ.

ಹಣ ಎಲ್ಲಿ ಹಾಕಬೇಕು ಎಂಬುದೂ ಇಲ್ಲಿಂದಲೇ ಗೊತ್ತಾಗುತ್ತದೆ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಥಾನಬೆಲೆ ಬ್ಲಾಕ್‌ಗಳಲ್ಲಿ ಹತ್ತರ ಪಟ್ಟಿ ಒಂದೇ ತುಂಡು, ಬಿಚ್ಚಲು ಬರುವುದಿಲ್ಲ. ಒಂದು ಪಟ್ಟಿ ಕೊಟ್ಟು ಹತ್ತು ಬಿಡಿ ಪಡೆಯಬೇಕು. ಅದು ಮುಂದಿನ ಹಂತ. ಕಟ್ಟಿ ಬಿಚ್ಚುವುದು ಗೊತ್ತಿರದ ಮಗುವಿಗೆ ಮೊದಲ ದಿನವೇ ಬ್ಲಾಕ್ ಕೊಟ್ಟರೆ ಅದೊಂದು ವಿನಿಮಯದ ಆಟವಾಗುತ್ತದೆ, ಸ್ಥಾನಬೆಲೆ ಆಗುವುದಿಲ್ಲ. ನಾನೇ ಒಮ್ಮೆ ವರ್ಷದ ಹಣವನ್ನೆಲ್ಲ ಬಣ್ಣದ ಬ್ಲಾಕಿಗೆ ಹಾಕಿದ್ದೆ. ಮಕ್ಕಳು ಗೋಪುರ ಕಟ್ಟಿದರು, ಶಿಕ್ಷಕರು ‘ಕಳೆದುಹೋದರೆ ನಮ್ಮ ತಲೆಗೆ’ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೇಸಿಗೆ ರಜೆ ಮುಗಿದು ಬಂದಾಗ ಪೊಟ್ಟಣಗಳು ಹಾಗೆಯೇ ಇದ್ದವು. ಆ ವರ್ಷ 36 ಬರೆಯುವ ಮಕ್ಕಳ ಸಂಖ್ಯೆ ಇಳಿಯಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ: ಮೊದಲು ಕಡ್ಡಿ, ಆಮೇಲೆ ಬ್ಲಾಕ್, ಕೊನೆಗೆ 100, 10, 1 ಎಂದು ಬರೆದ ಕಾರ್ಡು, ಅದೇ ಹೊತ್ತಿಗೆ ನೋಟ್‌ಬುಕ್ಕು.

ಪಟ್ಟಿ ಬರೆಯುವ ಮುನ್ನ ಶಾಲೆಯ ಬೀರು ತೆಗೆಸಿ ನೋಡಿ. ರಾಜ್ಯದ ಬಹಳಷ್ಟು ಸರ್ಕಾರಿ ಶಾಲೆಗಳಿಗೆ ಗಣಿತ ಕಲಿಕಾ ಆಂದೋಲನದ ಕಿಟ್ ಬಂದಿದೆ. ಅರ್ಧ ಪೆಟ್ಟಿಗೆಯಾದರೂ ಎಲ್ಲೋ ಇರುತ್ತದೆ. ‘ಶಾಲೆಯಲ್ಲಿ ಈಗಾಗಲೇ ಇಷ್ಟಿದೆ, ಅದನ್ನು ಬಳಸಿಕೊಳ್ಳುತ್ತೇನೆ, ಇಷ್ಟು ಮಾತ್ರ ಕೊಳ್ಳಬೇಕು’ ಎಂಬ ಒಂದು ಸಾಲನ್ನು ಓದಿದಾಗ ನನಗೆ ಆ ಶಿಕ್ಷಕರ ಮೇಲೆ ಹುಟ್ಟುತ್ತಿದ್ದ ನಂಬಿಕೆ ಬೇರೆ ಯಾವ ವಿವರಣೆಯಿಂದಲೂ ಹುಟ್ಟುತ್ತಿರಲಿಲ್ಲ.

ಈಗ ನಿಮ್ಮ 32 ಮಕ್ಕಳಿಗೆ ಲೆಕ್ಕ ಹಾಕೋಣ. ನಾಲ್ಕು ಮಕ್ಕಳ ಎಂಟು ಗುಂಪು. ಒಂದು ಗುಂಪಿಗೆ 200 ಕಡ್ಡಿ ಕೊಟ್ಟರೆ ಎರಡಂಕಿಯ ಲೆಕ್ಕಕ್ಕೆ ಧಾರಾಳ. 304ರಂಥ ಲೆಕ್ಕಕ್ಕೆ ಎರಡು ಗುಂಪು ಸೇರಿದರೆ 400 ಆಗುತ್ತದೆ. ಹೀಗೆ 1,600 ಐಸ್‌ಕ್ರೀಂ ಕಡ್ಡಿ. ಹುಣಸೆ ಬೀಜ ಬಿಟ್ಟಿ ಸಿಗುತ್ತದಲ್ಲ ಎಂದು ಯಾರಾದರೂ ಹೇಳಬಹುದು, ಆದರೆ ಬೀಜವನ್ನು ಕಟ್ಟಲು ಬರುವುದಿಲ್ಲ. ತೆಂಗಿನ ಗರಿಯ ಕಡ್ಡಿ ಆಗುತ್ತದೆ, ಸಮ ಉದ್ದಕ್ಕೆ ಕತ್ತರಿಸಿ ತುದಿ ಉಜ್ಜಬೇಕು, ಇಲ್ಲದಿದ್ದರೆ ಚುಚ್ಚುತ್ತದೆ. ಕಟ್ಟಲು ರಬ್ಬರ್ ಬ್ಯಾಂಡ್ ಎರಡು ಪೊಟ್ಟಣ ಬೇಕು, ಯಾಕೆಂದರೆ ಬಿಸಿಲಿಗೆ ಅವು ಒಣಗಿ ತುಂಡಾಗುತ್ತವೆ. ಆಟದ ನೋಟು ಬೇಕೆನಿಸಿದರೆ ನಿಜವಾದ ನೋಟಿನ ಜೆರಾಕ್ಸ್ ಮಾಡಿಸಬೇಡಿ, ನೋಟನ್ನು ಹೋಲುವ ಕಾಗದ ತಯಾರಿಸುವುದು ಕಾನೂನಿನ ಪ್ರಕಾರ ತಪ್ಪು. ಮೂರು ಬಣ್ಣದ ರಟ್ಟಿನ ಹಾಳೆ ತಂದು ಕತ್ತರಿಸಿ ಸಂಖ್ಯೆ ಬರೆದರೆ ಸಾಕು. ಮುಚ್ಚಳವಿರುವ ಎಂಟು ಡಬ್ಬಿಗಳನ್ನು ಮಾತ್ರ ಪಟ್ಟಿಯಿಂದ ಬಿಡಬೇಡಿ. ಸಾಮಗ್ರಿಯನ್ನು ಗುಂಪಿಗೊಂದು ಡಬ್ಬಿಯಲ್ಲಿ ತರಗತಿಯಲ್ಲೇ ಇಟ್ಟರೆ ಎರಡು ನಿಮಿಷದಲ್ಲಿ ಹಂಚಿ ಮುಗಿಯುತ್ತದೆ. ಆಫೀಸಿನ ಬೀರುವಿನಿಂದ ತರಬೇಕಾದರೆ ಮೂರನೇ ವಾರಕ್ಕೆ ತರುವುದೇ ನಿಂತುಹೋಗುತ್ತದೆ.

ಪತ್ರ ಹೀಗಿರಲಿ. ಮಕ್ಕಳ ಎಣಿಕೆಯನ್ನೂ ದರಗಳನ್ನೂ ನಾನು ಮಾದರಿಗೆ ಹಾಕಿದ್ದೇನೆ. ನಿಮ್ಮ ಪರೀಕ್ಷೆಯ ಎಣಿಕೆ, ನಿಮ್ಮ ಪೇಟೆಯ ದರ, ನಿಮ್ಮ ಬೀರುವಿನಲ್ಲಿ ಸಿಕ್ಕಿದ್ದು ಹಾಕಿ ತಿದ್ದಿಕೊಳ್ಳಿ.

ಇವರಿಗೆ: ಮುಖ್ಯ ಶಿಕ್ಷಕರು
ಇವರಿಂದ: ಸಹ ಶಿಕ್ಷಕಿ, 4ನೇ ತರಗತಿ

ಮಾನ್ಯರೇ,

ವಿಷಯ: 4ನೇ ತರಗತಿಯಲ್ಲಿ ದಶಕ ಸಹಿತ ವ್ಯವಕಲನ ಕಲಿಸಲು ₹3,270ರ ಸಾಮಗ್ರಿ ಕೋರಿ.

4ನೇ ತರಗತಿಯ 32 ಮಕ್ಕಳಿಗೆ ಕಳೆಯುವ ಲೆಕ್ಕದ ಕಿರು ಪರೀಕ್ಷೆ ಕೊಟ್ಟಿದ್ದೆ. 53 − 27ಕ್ಕೆ ಸರಿ ಉತ್ತರ ಬರೆದವರು 9. ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆದು 34 ಬರೆದವರು 15. ಹತ್ತು ತಂದು ಹತ್ತರ ಸ್ಥಾನದಲ್ಲಿ ಕಡಿಮೆ ಮಾಡದೆ 36 ಬರೆದವರು 6. ಖಾಲಿ ಬಿಟ್ಟವರು 2. ಉತ್ತರಪತ್ರಿಕೆಗಳನ್ನು ಲಗತ್ತಿಸಿದ್ದೇನೆ. ಈ ಮಕ್ಕಳು ಹತ್ತರ ಕಟ್ಟನ್ನು ಕಟ್ಟಿ ಬಿಚ್ಚಿ ಕಲಿಯಬೇಕಾಗಿದೆ.

ಶಾಲೆಯ ಗಣಿತ ಕಿಟ್‌ನಲ್ಲಿ ಸ್ಥಾನಬೆಲೆ ಬ್ಲಾಕ್ ಒಂದು ಸೆಟ್ ಇದೆ, ಸ್ಲೇಟುಗಳಿವೆ. ಅವನ್ನು ಬಳಸಿಕೊಳ್ಳುತ್ತೇನೆ. ಕೊಳ್ಳಬೇಕಾದದ್ದು:

ಐಸ್‌ಕ್ರೀಂ ಕಡ್ಡಿ, 100ರ ಪೊಟ್ಟಣ 16, ತಲಾ ₹40: ₹640
ರಬ್ಬರ್ ಬ್ಯಾಂಡ್, 2 ಪೊಟ್ಟಣ, ತಲಾ ₹60: ₹120
ನೂರು–ಹತ್ತು–ಬಿಡಿ ಮನೆಗಳ ಲ್ಯಾಮಿನೇಟ್ ಹಾಳೆ 16, ತಲಾ ₹35: ₹560
ಸ್ಥಾನಬೆಲೆ ಬ್ಲಾಕ್ 3 ಸೆಟ್ (ಎರಡು ಗುಂಪಿಗೆ ಒಂದು), ತಲಾ ₹450: ₹1,350
ಬಣ್ಣದ ರಟ್ಟಿನ ಹಾಳೆ 12, ತಲಾ ₹10: ₹120
ಮುಚ್ಚಳದ ಡಬ್ಬಿ 8, ತಲಾ ₹60: ₹480
ಒಟ್ಟು: ₹3,270 (ಮಗುವಿಗೆ ಸುಮಾರು ₹102)

ಬ್ಲಾಕ್, ಹಾಳೆ, ಡಬ್ಬಿಗಳು ಮುಂದಿನ ವರ್ಷಗಳ 4ನೇ ತರಗತಿಗೂ ಬರುತ್ತವೆ. ಹಣ ಸಾಲದಿದ್ದರೆ ಮೊದಲು ಬ್ಲಾಕ್ ಕೈಬಿಡಬಹುದು, ಆಗ ₹1,920 ಸಾಕು. ಇನ್ನೂ ಕಡಿಮೆ ಮಾಡಬೇಕಾದರೆ ಹಾಳೆಗಳನ್ನು ಹಳೆಯ ಕ್ಯಾಲೆಂಡರ್ ಹಿಂಬದಿಯಲ್ಲಿ ನಾನೇ ಬರೆದುಕೊಳ್ಳುತ್ತೇನೆ, ಆಗ ₹1,360. ಇದಕ್ಕಿಂತ ಕೆಳಗೆ ಹೋದರೆ ಕೆಲಸ ನಡೆಯುವುದಿಲ್ಲ.

ವಾರಕ್ಕೆ ನಾಲ್ಕು ಅವಧಿಯಂತೆ ಎಂಟು ವಾರ ಬಳಸುತ್ತೇನೆ. ಎಂಟನೇ ವಾರದ ಕೊನೆಗೆ, ಸಾಮಗ್ರಿ ಮುಟ್ಟದೆ ನೋಟ್‌ಬುಕ್ಕಿನಲ್ಲೇ ಮಾಡುವ ಪರೀಕ್ಷೆಯಲ್ಲಿ, ಎರಡಂಕಿಯ ದಶಕ ಸಹಿತ ಲೆಕ್ಕವನ್ನು ಈಗಿನ 9ರ ಬದಲು ಕನಿಷ್ಠ 22 ಮಕ್ಕಳು ಸರಿಯಾಗಿ ಮಾಡಬೇಕೆಂಬುದು ಗುರಿ. ಫಲಿತಾಂಶ ಏನೇ ಬಂದರೂ ತಮಗೆ ಲಿಖಿತವಾಗಿ ಸಲ್ಲಿಸುತ್ತೇನೆ.

ಪತ್ರ ಇಷ್ಟೇ, ಒಂದು ಹಾಳೆ ದಾಟಬಾರದು. ₹3,270 ಎಂದರೆ ಅನುದಾನದ ಶೇ 7ಕ್ಕಿಂತ ಕಡಿಮೆ. ಮೂರು ಮೊತ್ತಗಳನ್ನು ಕೊಟ್ಟಿರುವುದರಿಂದ ಅವರಿಗೆ ‘ಆಗುತ್ತದೆ, ಆಗುವುದಿಲ್ಲ’ ಎಂಬ ಎರಡೇ ದಾರಿ ಉಳಿಯುವುದಿಲ್ಲ. ನೀವು ಹೇಳದೆ ಬಿಟ್ಟರೆ ಅವರೇ ಕಡಿತ ಮಾಡುತ್ತಾರೆ, ಆಗ ಹೋಗುವುದು ಡಬ್ಬಿ ಮತ್ತು ರಬ್ಬರ್ ಬ್ಯಾಂಡು. ನಾನೂ ಅದೇ ತಪ್ಪು ಮಾಡಿದ್ದೇನೆ.

ಗುರಿಯ ಬಗ್ಗೆ ಒಂದು ಮಾತು. 32ಕ್ಕೆ 32 ಎಂದು ಬರೆಯಬೇಡಿ. ನಿಮ್ಮಲ್ಲೂ ವಾರಕ್ಕೆ ಎರಡು ದಿನ ತಪ್ಪಿಸುವ ಮಕ್ಕಳಿರುತ್ತಾರೆ, ನೂರರ ತನಕ ಎಣಿಸಲು ತಡವರಿಸುವವರೂ ಇರುತ್ತಾರೆ. ಎಂಟು ವಾರದಲ್ಲಿ ಅವರು ಕಟ್ಟು ಕಟ್ಟುವುದನ್ನು ಕಲಿತರೆ ಅದೇ ದೊಡ್ಡದು, ಕಳೆಯುವ ಲೆಕ್ಕಕ್ಕೆ ಬರಲು ಇನ್ನಷ್ಟು ಕಾಲ ಬೇಕು. ಹೆಸರು ಹಿಡಿದು ಯೋಚಿಸಿ, ಯಾರು ದಾಟಬಲ್ಲರು ಎಂದು ಎಣಿಸಿ ಆ ಸಂಖ್ಯೆ ಬರೆಯಿರಿ. ‘ಆಸಕ್ತಿ ಹೆಚ್ಚುತ್ತದೆ’ ಎಂಬುದನ್ನು ಬಿಟ್ಟುಬಿಡಿ. ಬಣ್ಣದ ಕಡ್ಡಿ ಕೊಟ್ಟ ದಿನ ಆಸಕ್ತಿ ಎಲ್ಲರಿಗೂ ಹೆಚ್ಚುತ್ತದೆ, ಅದರಿಂದ 34 ಹೋಗಿ 26 ಬಂತೆಂದು ಅರ್ಥವಲ್ಲ.

ಹಣ ಬಂದಮೇಲೆ ಎಲ್ಲಿ ಕೆಡುತ್ತದೆ ಎಂಬುದನ್ನೂ ಹೇಳಬೇಕು, ಯಾಕೆಂದರೆ ಮುಂದಿನ ವರ್ಷದ ನಿಮ್ಮ ಅರ್ಜಿ ಇದರ ಮೇಲೆಯೇ ನಿಂತಿರುತ್ತದೆ. ಕಡ್ಡಿಯಲ್ಲಿ ಸರಿಯಾಗಿ ಮಾಡುವ ಮಗು ನೋಟ್‌ಬುಕ್ಕಿನಲ್ಲಿ ಮತ್ತೆ 34 ಬರೆಯುವುದನ್ನು ನೀವು ಖಂಡಿತ ನೋಡುತ್ತೀರಿ. ಕಡ್ಡಿಯದ್ದು ಒಂದು ಕೆಲಸ, ಬರೆಯುವುದು ಇನ್ನೊಂದು ಕೆಲಸ ಎಂದು ಮಗು ಬೇರೆಬೇರೆ ಇಟ್ಟುಕೊಂಡಿರುತ್ತದೆ. ಅದಕ್ಕೆ ಮೊದಲ ದಿನದಿಂದಲೇ ಒಂದು ಪದ್ಧತಿ ಇಡಿ: ಗುಂಪಿನಲ್ಲಿ ಒಬ್ಬರು ಕಟ್ಟು ಬಿಚ್ಚುತ್ತಾರೆ, ಅದೇ ಕ್ಷಣ ಇನ್ನೊಬ್ಬರು ಸ್ಲೇಟಿನಲ್ಲಿ 5ನ್ನು ಹೊಡೆದು 4 ಬರೆಯುತ್ತಾರೆ, 3ರ ಹಿಂದೆ 1 ಬರೆದು 13 ಮಾಡುತ್ತಾರೆ. ಬಿಚ್ಚದೆ ಬರೆಯುವಂತಿಲ್ಲ, ಬರೆಯದೆ ಬಿಚ್ಚುವಂತಿಲ್ಲ. ನಂತರದ ಲೆಕ್ಕಕ್ಕೆ ಪಾತ್ರ ಬದಲಾಗಲಿ. ಸುಮಾರು ಐದನೇ ವಾರದಿಂದ ಕಡ್ಡಿ ಡಬ್ಬಿಯಲ್ಲೇ ಇರಲಿ, ಸಿಕ್ಕಿಬಿದ್ದ ಮಗು ಮಾತ್ರ ತೆಗೆಯಲಿ. ಎಂಟು ವಾರವೂ ಕಡ್ಡಿ ಹಿಡಿದೇ ಲೆಕ್ಕ ಮಾಡಿಸಿದರೆ ಪರೀಕ್ಷೆಯ ದಿನ ಕೈ ಖಾಲಿಯಾದಾಗ ಮಗು ಕಂಗಾಲಾಗುತ್ತದೆ. ಹೊಸ ಸಾಮಗ್ರಿ ಬಂದ ದಿನ ಹತ್ತು ನಿಮಿಷ ಸುಮ್ಮನೆ ಆಡಲು ಬಿಡಿ. ಗೋಪುರ ಕಟ್ಟುವ ಆಸೆ ಅವತ್ತೇ ತೀರಿದರೆ ಒಳ್ಳೆಯದು.

ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ನಾನು ಮಕ್ಕಳ ಪಕ್ಕ ಕುಳಿತು ಒಂದೇ ಪ್ರಶ್ನೆ ಕೇಳುತ್ತಿದ್ದೆ: ‘ಈ ಪುಟ್ಟ 1 ಎಲ್ಲಿಂದ ಬಂತು ಕಂದ, ಇದರ ಬೆಲೆ ಎಷ್ಟು?’ ‘ಟೀಚರ್ ಹೇಳಿದ್ರು’ ಎಂದರೆ ಇನ್ನೂ ಆಗಿಲ್ಲ. ‘ಒಂದು ಕಟ್ಟು ಬಿಚ್ಚಿದೆ, ಹತ್ತು’ ಎಂದರೆ ಆಯಿತು. ನಿಮ್ಮ ಮುಖ್ಯ ಶಿಕ್ಷಕರನ್ನು ಆರನೇ ವಾರ ತರಗತಿಗೆ ಕರೆದು ಇದೇ ಪ್ರಶ್ನೆಯನ್ನು ಮೂರು ಮಕ್ಕಳಿಗೆ ಕೇಳಲು ಹೇಳಿ. ಎಸ್‌ಡಿಎಂಸಿ ಅಧ್ಯಕ್ಷರೂ ಬಂದರೆ ಇನ್ನೂ ಒಳ್ಳೆಯದು. ಹತ್ತು ಪುಟದ ವರದಿಗಿಂತ ಅವರಿಗೆ ಅದು ನಾಟುತ್ತದೆ.

ಕೊನೆಯ ಪರೀಕ್ಷೆಗೆ ಅದೇ ಲೆಕ್ಕ ಕೊಡಬೇಡಿ, ಉತ್ತರ ಬಾಯಿಪಾಠ ಆಗಿರುತ್ತದೆ. 53 − 27ರ ಬದಲು 82 − 35 ಕೊಡಿ. ಸರಿ ಉತ್ತರ 47, ದೊಡ್ಡದರಿಂದ ಚಿಕ್ಕದು ಕಳೆದರೆ 53, ಕಡಿಮೆ ಮಾಡಲು ಮರೆತರೆ 57. ಹೀಗೆ ಹಳೆಯ ಎಣಿಕೆಯೊಂದಿಗೆ ನೇರವಾಗಿ ಹೋಲಿಸಬಹುದು. ಅದಾಗಿ ನಾಲ್ಕು ವಾರ ಬಿಟ್ಟು ಹೇಳದೆ ಕೇಳದೆ ಇನ್ನೊಮ್ಮೆ ಕೊಡಿ. 22 ಇದ್ದದ್ದು 19ಕ್ಕೆ ಇಳಿದರೆ ಹಾಗೆಯೇ ಬರೆಯಿರಿ. 34ರ ಗುಂಪಿನಲ್ಲಿದ್ದ ಮಗು 36ರ ಗುಂಪಿಗೆ ಬಂದಿದ್ದರೆ ಅದನ್ನೂ ಬರೆಯಿರಿ, ಉತ್ತರ ತಪ್ಪಾದರೂ ಅದು ಒಂದು ಮೆಟ್ಟಿಲು ಮೇಲೆ ಬಂದ ಮಗು.

ಇನ್ನು ಕಾಗದಪತ್ರದ ಕೆಲಸ. ಎರಡು ಅಂಗಡಿಗಳಿಂದ ದರ ಬರೆಸಿ ಪತ್ರಕ್ಕೆ ಲಗತ್ತಿಸಿ, ಮುಖ್ಯ ಶಿಕ್ಷಕರಿಗೆ ಆಡಿಟ್ ದಿನ ಅದು ಆಸರೆ. ಶಾಲೆಯ ಹೆಸರಿಗೇ ಬಿಲ್ಲು ಕೊಡುವ, ಬ್ಯಾಂಕ್ ಖಾತೆಗೆ ಹಣ ಪಡೆಯಲು ಒಪ್ಪುವ ಅಂಗಡಿಯನ್ನು ಹುಡುಕಿ. ನೀವೇ ಕೈಯಿಂದ ಕೊಟ್ಟು ಆಮೇಲೆ ಬರುತ್ತದೆ ಎಂದುಕೊಂಡರೆ ಬಹಳ ಕಾಯಬೇಕಾಗಬಹುದು. ಖರೀದಿಗೆ ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಒಂದು ಸಾಲು ಬೇಕು, ಆದ್ದರಿಂದ ಸಭೆಗೆ ಒಂದು ವಾರ ಮೊದಲು ಪತ್ರ ಅವರ ಕೈಯಲ್ಲಿರಲಿ. ಸಾಮಗ್ರಿ ಬಂದ ದಿನವೇ ದಾಸ್ತಾನು ವಹಿಗೆ ಏರಿಸಿ. ಕಡ್ಡಿ, ರಬ್ಬರ್ ಬ್ಯಾಂಡು, ರಟ್ಟನ್ನು ಬಳಸಿ ಮುಗಿಯುವ ವಸ್ತು ಎಂದು ಬೇರೆ ಬರೆಸಿ. ಹಾಗೆ ಬರೆಸದಿದ್ದರೆ ವರ್ಷದ ಕೊನೆಗೆ 1,600 ಕಡ್ಡಿಯ ಲೆಕ್ಕ ಕೇಳುತ್ತಾರೆ ಎಂಬ ಭಯಕ್ಕೆ ಡಬ್ಬಿಗಳು ಮತ್ತೆ ಬೀರುವಿಗೆ ಹೋಗುತ್ತವೆ.

ಹಳೆಯ ಅರ್ಜಿಯನ್ನು ವಾಪಸ್ ಕೇಳಿ ಪಡೆಯಿರಿ, ‘ಸರ್, ಇದನ್ನು ಸರಿಯಾಗಿ ಲೆಕ್ಕ ಹಾಕಿ ಮತ್ತೆ ತಂದಿದ್ದೇನೆ’ ಎಂದು ಹೊಸದನ್ನು ಕೊಡಿ. ಪತ್ರದ ಮೇಲೆ 34 ಎಂದು ಬರೆದಿರುವ ಎರಡು ಮೂರು ಮಕ್ಕಳ ಹಾಳೆಗಳನ್ನು ಇಟ್ಟುಕೊಡಿ, ಅವರ ಕಣ್ಣಿಗೆ ಮೊದಲು ಬೀಳಬೇಕಾದದ್ದು ಅದು.